ಆರು ಸಾಲಿನ ಒಂದು ಮೇಲ್‌ಗೆ ಧನ್ಯವಾದ

ಅಪ್ಪ ತೀರಿಕೊಂಡ ಸುದ್ದಿ ತಿಳಿದು ಫೋನ್ ಮಾಡಿದವರಿಗೆ, ಹಾಸನದಿಂದ ನಮ್ಮೂರಿನ ತನಕ ಬಂದು ಅಮ್ಮನ ಹತ್ತಿರ ಕೂತಿದ್ದವರಿಗೆ, ಎಲ್ಲರಿಗೂ ನಮ್ಮ ಮನೆಯವರ ನಮಸ್ಕಾರ. ತಿಥಿ ಮುಗಿದಿದೆ. ನಿಮ್ಮೆಲ್ಲರ ಜೊತೆಗೆ ಒಬ್ಬರಿಗೆ ವಿಶೇಷವಾಗಿ ಧನ್ಯವಾದ ಹೇಳಬೇಕು.

ಅವತ್ತು ಬೆಳಗ್ಗೆ ಆಫೀಸಿಗೆ ಎರಡೇ ಸಾಲು ಮೇಲ್ ಕಳಿಸಿದ್ದೆ. ಅಪ್ಪ ಹೋದರು, ರಜೆ ಬೇಕು ಅಂತ. ಉತ್ತರಗಳು ಬಂದವು. ಪ್ರೀತಿಯಿಂದಲೇ ಬರೆದಿದ್ದರು. ಆದರೆ ಸುಮಾರು ಜನ 'ಏನಾಗಿತ್ತು?' ಅಂತ ಕೇಳಿದ್ದರು. ಅದನ್ನು ಮತ್ತೆ ಮತ್ತೆ ಬರೆಯುವ ಶಕ್ತಿ ನನಗಿರಲಿಲ್ಲ. ನನ್ನ ಪಕ್ಕದ ಸೀಟಿನ ಮೇಡಂ ನನಗೊಬ್ಬಳಿಗೇ ಹೀಗೆ ಬರೆದಿದ್ದರು:

'ನಿಮ್ಮ ತಂದೆಯವರು ಹೋದರು ಅಂತ ಓದಿ ತುಂಬಾ ಬೇಜಾರಾಯ್ತು.
ಆಲೂಗಡ್ಡೆ ಕೀಳುವಾಗ ನಾನು ನಿಮ್ಮ ಹೊಲಕ್ಕೆ ಬಂದಿದ್ದೆ. ಗುದ್ದಲಿ ತಾಗಿದ್ದನ್ನೆಲ್ಲ ಬದಿಗಿಟ್ಟು, ಒಳ್ಳೇದನ್ನೇ ಆರಿಸಿ ನನ್ನ ಚೀಲಕ್ಕೆ ತುಂಬಿಸಿದ್ದರು.
ಈ ತಿಂಗಳ ಸಂಬಳದ ಪಟ್ಟಿ ನಾನು ಮಾಡ್ತೀನಿ, ಸಾಹೇಬರಿಗೆ ಹೇಳಿದ್ದೀನಿ.
ಹನ್ನೊಂದನೇ ದಿನ ಬರ್ತೀನಿ.
ಇದಕ್ಕೆ ಉತ್ತರ ಬರೀಬೇಡಿ.
ಅಮ್ಮನ್ನ ನೋಡ್ಕೊಳ್ಳಿ.'

ಇಷ್ಟೇ. ಅಮ್ಮನಿಗೆ ಓದಿ ಹೇಳಿದೆ. ಗುದ್ದಲಿ ಪೆಟ್ಟು ಬಿದ್ದ ಗಡ್ಡೆ ಬೇಗ ಕೊಳೆಯುತ್ತೆ, ಅಪ್ಪ ಅದನ್ನು ಯಾರಿಗೂ ಕೊಡುತ್ತಿರಲಿಲ್ಲ, ಮನೆಗೆ ಇಟ್ಟುಕೊಳ್ಳುತ್ತಿದ್ದರು. 'ಹೌದು, ಹಾಗೇ ಮಾಡ್ತಿದ್ರು' ಅಂದರು ಅಮ್ಮ. ಬೆಳಗ್ಗೆಯಿಂದ ಅವರು ಆಡಿದ ಮೊದಲ ಮಾತು ಅದು. ದೊಡ್ಡ ಮನುಷ್ಯರು, ಒಳ್ಳೆಯವರು ಅಂತ ಯಾರ ಬಗ್ಗೆ ಬೇಕಾದರೂ ಬರೆಯಬಹುದು. ಇದು ನಮ್ಮಪ್ಪನ ಬಗ್ಗೆ ಮಾತ್ರ ಬರೆಯಬಹುದಾದ ಮಾತು.

'ಏನಾದರೂ ಬೇಕಿದ್ದರೆ ಹೇಳಿ' ಅಂದಿದ್ದರೆ ನಾನು ಹೇಳುತ್ತಿರಲಿಲ್ಲ. ಅಂಥ ದಿನ ಏನು ಬೇಕು ಅಂತ ಯೋಚಿಸೋದೂ ಒಂದು ಕೆಲಸವೇ ಅಲ್ವಾ? ನನ್ನ ತಲೆಯಲ್ಲಿ ಕೊರೆಯುತ್ತಿದ್ದದ್ದು ಆ ಸಂಬಳದ ಪಟ್ಟಿ. ಅವರೇ ತಗೊಂಡರು. ಪಟ್ಟಿಯ ವಿವರವನ್ನೆಲ್ಲ ಸಾಹೇಬರಿಗೆ ಬೇರೆ ಮೇಲ್‌ನಲ್ಲಿ ಬರೆದಿದ್ದರಂತೆ. ನನಗೆ ಬಂದದ್ದರಲ್ಲಿ ಆಫೀಸಿನ ಮಾತು ಒಂದೇ ಸಾಲು.

ಮರಣ ಪ್ರಮಾಣಪತ್ರದ ವಿಷಯವನ್ನೂ ಅವರು ಆ ದಿನ ಎತ್ತಲಿಲ್ಲ. ಹನ್ನೊಂದನೇ ದಿನ ಊಟ ಆದಮೇಲೆ ಪಕ್ಕಕ್ಕೆ ಕರೆದು ಹೇಳಿದರು. ಸಾವು ಮನೆಯಲ್ಲೇ ಆಗಿದ್ದರಿಂದ ನಾವೇ ತಿಳಿಸಿ ನೋಂದಣಿ ಮಾಡಿಸಬೇಕು, 21 ದಿನದೊಳಗೆ ಆದರೆ ತಡದ ಶುಲ್ಕ ಇರಲ್ಲ, ಬ್ಯಾಂಕಿಗೂ ಪೌತಿ ಖಾತೆಗೂ ಬೇಕಾಗುತ್ತೆ, ಪ್ರತಿ ಜಾಸ್ತಿ ತಗೊಳ್ಳಿ ಅಂತ. ಮೊದಲ ದಿನವೇ ಬರೆದಿದ್ದರೆ ನನ್ನ ತಲೆಗೆ ಹೋಗುತ್ತಿರಲಿಲ್ಲ. ಈಗ ನೋಂದಣಿ ಆಗಿದೆ.

ಮೇಡಂ, ಉತ್ತರ ಬರೀಬೇಡಿ ಅಂದಿದ್ರಿ, ಅದಕ್ಕೇ ಇಲ್ಲಿ ಬರೆದಿದ್ದೀನಿ. ಸೋಮವಾರದಿಂದ ಬರ್ತೀನಿ. ಮುಂದಿನ ತಿಂಗಳ ಪಟ್ಟಿ ನನಗೆ ಬಿಡಿ. ಅಮ್ಮ ನಿಮ್ಮನ್ನು ಒಂದು ದಿನ ಊಟಕ್ಕೆ ಕರೆದಿದ್ದಾರೆ, ಬರಲೇಬೇಕು.