ಅಜ್ಜನ ತಿಥಿಯ ದಿನ, ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ಇಂದು ನಿನ್ನ ಅಜ್ಜನ ತಿಥಿ ಮುಗಿಯಿತು. ನಿನ್ನ ಮಾವ ಶ್ರಾದ್ಧ ಮಾಡಿದ, ಅತ್ತೆಯೂ ನಾನೂ ಅಡುಗೆ ನೋಡಿಕೊಂಡೆವು. ವಡೆ, ಎಳ್ಳುಂಡೆ, ಹಾಗಲಕಾಯಿ, ಬಾಳೆಕಾಯಿ ಎಲ್ಲ ಎಂದಿನಂತೆಯೇ. ಬಂದವರು ಮಳೆ ಜೋರಾಗುವ ಮೊದಲೇ ಹೊರಟರು.

ಮೊನ್ನೆ ಫೋನಿನಲ್ಲಿ ನೀನು, ಅಜ್ಜ ನಿಜವಾಗಿ ಹೇಗಿದ್ದರು ಎಂದು ಕೇಳಿದೆ. ನಿನಗೆ ಅವರ ಬಿಳಿ ಪಂಚೆ, ಎಲೆಯಡಿಕೆ ಸಂಚಿ ಇಷ್ಟೇ ನೆನಪಂತೆ. ಒಳ್ಳೆಯವರಿದ್ದರು, ಸಾತ್ವಿಕರು ಎಂದು ಹೇಳಿಬಿಡಬಹುದು. ಪತ್ರಿಕೆಯ ಪುಣ್ಯಸ್ಮರಣೆಯ ಪುಟದಲ್ಲಿ ಎಲ್ಲ ಅಜ್ಜಂದಿರೂ ಹಾಗೆಯೇ ಇರುತ್ತಾರೆ. ಅದರ ಬದಲು ಅಪ್ಪಯ್ಯ ಅಡಿಕೆಗೆ ಔಷಧಿ ಹೇಗೆ ಕಲಸುತ್ತಿದ್ದರು ಎಂಬುದನ್ನು ಬರೆಯುತ್ತೇನೆ. ಅವರನ್ನು ನಾನು ಸರಿಯಾಗಿ ಕಂಡದ್ದು ಅಲ್ಲಿ.

ಕೊಳೆ ರೋಗ ಏನೆಂದು ನಿನಗೆ ಅರ್ಧಂಬರ್ಧ ಗೊತ್ತು. ಮಳೆ ಹಿಡಿದು ಬಿಡದಿದ್ದಾಗ ಎಳೆಯ ಹಸಿರು ಅಡಿಕೆಯ ತೊಟ್ಟಿನ ಬಳಿ ನೀರು ಕುಡಿದಂಥ ಕಪ್ಪು ಹಸಿರು ಕಲೆ ಕಾಣಿಸುತ್ತದೆ. ಕಲೆ ಹರಡಿದ ಕಾಯಿ ಉದುರುತ್ತದೆ. ಬಿದ್ದ ಕಾಯಿಯ ಮೇಲೆ ಒಂದೆರಡು ದಿನದಲ್ಲಿ ಬಿಳಿಯ ಬೂಷ್ಟು ಹತ್ತಿಯಂತೆ ಮುಚ್ಚಿಕೊಂಡಿತೆಂದರೆ ಅನುಮಾನವಿಲ್ಲ, ಅದು ಕೊಳೆಯೇ. ರೋಗ ಒಂದು ಅಡಿಕೆಗೊನೆಯಿಂದ ಇನ್ನೊಂದಕ್ಕೆ ಮಳೆಹನಿಯ ಜೊತೆಗೆ, ಗಾಳಿಯ ಜೊತೆಗೆ ದಾಟುತ್ತದೆ. ಸುಳಿಗೆ ಇಳಿದರೆ ಮರವೇ ಹೋಗುತ್ತದೆ. ಇದಕ್ಕೆ ಹೊಡೆಯುವುದು ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತ ಮತ್ತು ಸುಣ್ಣ ಸೇರಿದ ನೀರು. ಅಪ್ಪಯ್ಯನ ಅಜ್ಜನ ಕಾಲದಲ್ಲಿ ಇದು ಇರಲಿಲ್ಲ. ಆಗ ಕರಡದ ಹುಲ್ಲಿನಿಂದ ಕೊಟ್ಟೆ ಹೆಣೆದು, ಮರ ಹತ್ತಿ ಒಂದೊಂದು ಕೊನೆಗೂ ಕಟ್ಟಿ ಮಳೆಯಿಂದ ಮರೆ ಮಾಡುತ್ತಿದ್ದರು. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿನ ತೋಟಗಳಲ್ಲಿ ಈ ರೋಗದ ಬೆನ್ನು ಹತ್ತಿ, ಬೋರ್ಡೋ ಸಿಂಪಡಣೆಯನ್ನು ರೂಢಿಗೆ ತಂದರು. ಅಪ್ಪಯ್ಯ ಅವರನ್ನು ‘ಕೋಲ್ಮನ್ ಸಾಹೇಬರು’ ಎಂದೇ ಹೇಳುತ್ತಿದ್ದರು, ನಿನ್ನೆ ತಾನೆ ಜಗಲಿಯಲ್ಲಿ ಕುಳಿತು ಹೋದ ನೆಂಟರ ಬಗ್ಗೆ ಹೇಳುವ ಹಾಗೆ.

ಮೊದಲ ಔಷಧಿ ಮಳೆ ಕಾಲೂರುವ ಮೊದಲು, ಎರಡನೆಯದು ಅದಾಗಿ ನಲವತ್ತು, ನಲವತ್ತೈದು ದಿನಕ್ಕೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಲೆಕ್ಕ ಇಷ್ಟು ಸುಲಭ, ಆದ್ದರಿಂದಲೇ ಬಹಳ ಮಂದಿ ಅವಸರ ಮಾಡುತ್ತಾರೆ. ಅಪ್ಪಯ್ಯ ಹಿಂದಿನ ರಾತ್ರಿಯೇ ಮೈಲುತುತ್ತವನ್ನು ಗೋಣಿಯ ತುಂಡಿನಲ್ಲಿ ಗಂಟು ಕಟ್ಟಿ, ಐವತ್ತು ಲೀಟರ್ ನೀರಿನ ಮೇಲ್ಭಾಗದಲ್ಲಿ ಮುಳುಗುವಂತೆ ಕೋಲಿಗೆ ನೇತು ಹಾಕುತ್ತಿದ್ದರು. ತಳಕ್ಕೆ ಹಾಕಿದ ಹರಳು ಕರಗದೆ ಕೂರುತ್ತದೆ, ಮೇಲೆ ತೂಗಿದ್ದು ತಾನಾಗಿ ಕರಗಿ ಕೆಳಗಿಳಿಯುತ್ತದೆ. ಬೆಳಗಾಗುವಾಗ ಗಂಟು ಖಾಲಿ, ನೀರು ಗಾಢ ನೀಲಿ. ಅದಕ್ಕೆ ಕಬ್ಬಿಣದ ಪಾತ್ರೆ ತಾಗುವಂತಿರಲಿಲ್ಲ. ಮೊದಲು ಮರದ ಪೀಪಾಯಿ ಇತ್ತು, ಆಮೇಲೆ ಪ್ಲಾಸ್ಟಿಕ್ ಡ್ರಮ್ ಬಂತು. ಸುಣ್ಣದ ಕಲ್ಲಿಗೆ ಸ್ವಲ್ಪ ಸ್ವಲ್ಪವೇ ನೀರು ಚಿಮುಕಿಸಿ ಅರಳಿಸಿ, ಉಳಿದ ಐವತ್ತು ಲೀಟರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸುತ್ತಿದ್ದರು. ಸೋಸದಿದ್ದರೆ ಒಂದು ಕಾಳು ಹೋಗಿ ಪಂಪಿನ ಮೂತಿಯಲ್ಲಿ ಸಿಕ್ಕಿಕೊಳ್ಳುತ್ತದೆ, ಮರದ ತುದಿಯಲ್ಲಿ ಮಣೆಯ ಮೇಲೆ ಕುಳಿತ ಕೊನೆಗಾರ ಅದನ್ನು ಬಿಡಿಸಬೇಕಾಗುತ್ತದೆ. ಆ ಕಷ್ಟ ಅವನ ತಲೆಗೆ ಬರಬಾರದು ಎಂಬುದು ಅವರ ಮಾತು.

ಬಳಿಕ ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ಸಣ್ಣ ಧಾರೆಯಾಗಿ ಸುರಿಯುವುದು, ಇನ್ನೊಬ್ಬರು ಕೋಲಿನಿಂದ ತಿರುವುತ್ತಲೇ ಇರುವುದು. ಕ್ರಮ ತಿರುಗಿಸಿ ಸುಣ್ಣವನ್ನು ಮೈಲುತುತ್ತಕ್ಕೆ ಸುರಿದರೆ ದ್ರಾವಣ ಗರಣೆಗಟ್ಟಿ ಬೇಗ ತಳ ಹಿಡಿಯುತ್ತದೆ. ಸರಿಯಾಗಿ ಕಲಸಿದ್ದು ತಿಳಿ ಆಕಾಶದ ಬಣ್ಣದಲ್ಲಿ ನಯವಾಗಿರುತ್ತದೆ.

ನನ್ನ ಕೆಲಸ ಬರುತ್ತಿದ್ದುದು ಇಲ್ಲಿ. ಬೂದಿ ಹಾಕಿ ಉಜ್ಜಿ ಹೊಳಪು ಬರಿಸಿದ ಕಬ್ಬಿಣದ ಚೂರಿಯನ್ನು ಅಪ್ಪಯ್ಯ ದ್ರಾವಣದಲ್ಲಿ ಅದ್ದಿ ಹಿಡಿಯುತ್ತಿದ್ದರು. ಒಂದು ನಿಮಿಷವಾದ ಮೇಲೆ ತೆಗೆದು ನನ್ನ ಮುಂದೆ ಒಡ್ಡಿ, “ಏನು ಬಂತು, ಹೇಳು” ಎನ್ನುತ್ತಿದ್ದರು. ಸುಣ್ಣ ಸಾಲದಿದ್ದರೆ ನೀರಿನಲ್ಲಿ ಬಿಡಿಯಾಗಿ ಉಳಿದ ಮೈಲುತುತ್ತದ ತಾಮ್ರ ಕಬ್ಬಿಣದ ಮೇಲೆ ಬಂದು ಕೂರುತ್ತದೆ, ಅಲಗು ಕೆಂಪಗಾಗುತ್ತದೆ. ಅಂಥ ಔಷಧಿ ಎಳೆ ಕಾಯಿಯನ್ನೂ ಸಿಂಗಾರದ ಹೂವನ್ನೂ ಸುಡುತ್ತದೆ. ಅಲಗು ಹಾಗೇ ಬೆಳ್ಳಗೆ ಹೊಳೆದರೆ ಹೊಡೆಯಬಹುದು. ನಾನು “ಕೆಂಪು” ಎಂದರೆ ಒಂದು ಚೊಂಬು ಸುಣ್ಣದ ತಿಳಿನೀರು ಬೀಳುತ್ತಿತ್ತು, ಚೂರಿಯನ್ನು ಮತ್ತೆ ಉಜ್ಜಿ ಅದ್ದುತ್ತಿದ್ದರು. ಕೆಲಸದವರು ಪಂಪು ಹೊತ್ತು ಕಾಯುತ್ತಿರುವಾಗ, ಲಂಗ ತೊಟ್ಟ ಹುಡುಗಿಯ ಒಂದು ಮಾತಿಗೆ ಎಲ್ಲ ನಿಲ್ಲುತ್ತಿತ್ತು. ಯಾರೋ ಒಮ್ಮೆ, “ಮಗುವಿಗೆ ಏನು ಕಾಣುತ್ತದೆ ಸ್ವಾಮಿ, ನೀವೇ ನೋಡಿ” ಎಂದರು. ಅಪ್ಪಯ್ಯ, “ನನಗೆ ಕೆಲಸ ಮುಗಿಯಬೇಕು ಎಂಬ ಆಸೆ ಇದೆ. ಅವಳಿಗಿಲ್ಲ. ಅವಳು ನೋಡಲಿ” ಎಂದರು.

ಆ ಮಾತನ್ನು ನಾನು ಬಹಳ ಸಲ ಯೋಚಿಸಿದ್ದೇನೆ. ಅವರು ನನ್ನನ್ನು ಹೊಗಳಿದವರಲ್ಲ. ಪರೀಕ್ಷೆಯಲ್ಲಿ ಎಷ್ಟು ಅಂಕ ಬಂದರೂ “ಸರಿ” ಎನ್ನುತ್ತಿದ್ದರು, ಅಷ್ಟೇ. ಆದರೆ ನನ್ನ ಕಣ್ಣಿಗೆ ಕಂಡದ್ದನ್ನು ಅವರು ಒಮ್ಮೆಯೂ ತಳ್ಳಿ ಹಾಕಲಿಲ್ಲ. ಹಾಗೆ ನಂಬಿಕೆ ಗಳಿಸಿಕೊಂಡು ಬೆಳೆಯುವುದು ಆ ಕಾಲದ ಹೆಣ್ಣುಮಕ್ಕಳಿಗೆ ಎಷ್ಟು ಅಪರೂಪವಾಗಿತ್ತೆಂದು ಮದುವೆಯಾಗಿ ಬೇರೆ ಮನೆಗಳನ್ನು ಕಂಡ ಮೇಲೆ ತಿಳಿಯಿತು.

2013ರ ಮಳೆಗಾಲದಲ್ಲಿ ಮಲೆನಾಡಿನಲ್ಲೆಲ್ಲ ಕೊಳೆ ಹೊಡೆಯಿತು. ಎರಡನೇ ಔಷಧಿಯ ಹೊತ್ತಿಗೆ ಮಳೆ ಬಿಡಲೇ ಇಲ್ಲ. ಕಲಸಿದ ದ್ರಾವಣವನ್ನು ಅದೇ ದಿನ ಹೊಡೆಯಬೇಕು, ಮರುದಿನಕ್ಕೆ ಇಟ್ಟರೆ ಅದು ಕಾಯಿಗೆ ಅಂಟುವ ಗುಣ ಕಳೆದುಕೊಳ್ಳುತ್ತದೆ. ಊರಿನಲ್ಲಿ ಹಲವರು ಬೆಳಿಗ್ಗೆ ಡ್ರಮ್ಮುಗಟ್ಟಲೆ ಕಲಸಿ, ಮಧ್ಯಾಹ್ನ ಮಳೆ ಹಿಡಿದಾಗ ಅಷ್ಟನ್ನೂ ಚೆಲ್ಲಿದರು. ಅಪ್ಪಯ್ಯ ಮೈಲುತುತ್ತದ ನೀರನ್ನೂ ಸುಣ್ಣದ ನೀರನ್ನೂ ಬೇರೆ ಬೇರೆಯಾಗಿ ಮುಚ್ಚಿಟ್ಟುಕೊಂಡರು. ಕೂಡಿಸುವ ತನಕ ಅವು ಕೆಡುವುದಿಲ್ಲ. ಮಳೆ ಹೊಳವಾದಾಗ ಎರಡನ್ನೂ ಅಷ್ಟಷ್ಟೇ ತೆಗೆದು ಇಪ್ಪತ್ತೈದು ಲೀಟರ್ ಮಾತ್ರ ಕಲಸಿಸುತ್ತಿದ್ದರು. ಅದರಲ್ಲಿ ಕಾಲು ಕಿಲೋ ಮೈಲುತುತ್ತ, ಕಾಲು ಕಿಲೋ ಸುಣ್ಣ. ಮುಗಿದ ಮೇಲೆ ಆಕಾಶ ನೋಡಿ ಮತ್ತೊಮ್ಮೆ.

ತೋಟದ ಯಾವ ಕಡೆಯಿಂದ ಶುರು ಎಂಬುದರಲ್ಲೂ ಅವರಿಗೆ ಲೆಕ್ಕವಿತ್ತು. ಮೇಲಿನ ಭಾಗಕ್ಕೆ ಗಾಳಿ ಬೆಳಕು ಆಡುತ್ತದೆ. ಹಳ್ಳದ ಬದಿಯ ತಗ್ಗಿನಲ್ಲಿ ತೇವ ಆರುವುದಿಲ್ಲ, ಪ್ರತಿ ಸಲವೂ ಕೊಳೆ ಕಾಣಿಸಿಕೊಳ್ಳುವುದು ಅಲ್ಲಿಯೇ. ಆದ್ದರಿಂದ ಮೊದಲು ಹಳ್ಳದ ಬದಿ. ಹೊಡೆಯಲಾಗದ ದಿನಗಳಲ್ಲಿ ಉದುರಿದ ಕಾಯಿಗಳನ್ನು ಬುಟ್ಟಿಗೆ ಹೆಕ್ಕಿಸಿ ತೋಟದಿಂದ ಆಚೆ ಸಾಗಿಸಿದರು. ಆಗ ಅವರಿಗೆ ಮೊಣಕಾಲು ನೋವು, ಕೊಡೆಯನ್ನೇ ಊರುಗೋಲು ಮಾಡಿಕೊಂಡು ನಿಂತಿದ್ದರು. ಇಷ್ಟಾದರೂ ಹಳ್ಳದ ಬದಿಯ ಫಸಲು ಬಹುಪಾಲು ಹೋಯಿತು. ಬೋರ್ಡೋ ತಡೆಯುವ ಔಷಧಿಯೇ ಹೊರತು ಹತ್ತಿದ ಕೊಳೆಯನ್ನು ವಾಸಿ ಮಾಡುವುದಲ್ಲ, ನಾವು ಅಲ್ಲಿಗೆ ತಲುಪುವ ಮೊದಲೇ ಕಾಯಿಗೆ ರೋಗ ಇಳಿದಿತ್ತು. ಮೇಲಿನ ತೋಟ ಉಳಿಯಿತು. ಆ ವರ್ಷ ಅವರು ಯಾರನ್ನೂ ಬೈಯಲಿಲ್ಲ, ಮಳೆಯನ್ನೂ ಬೈಯಲಿಲ್ಲ. ಬೇಸಗೆಯಲ್ಲಿ ಹಳ್ಳದ ಬದಿಯ ಬಸಿಗಾಲುವೆಗಳನ್ನು ಇನ್ನೊಂದಿಷ್ಟು ಆಳ ಮಾಡಿಸಿದರು.

ಅವರು ತೀರಿಕೊಂಡದ್ದೂ ಎರಡನೇ ಔಷಧಿಯ ಹೊತ್ತಿನಲ್ಲಿಯೇ. ಮನೆಯಲ್ಲಿ ಸೂತಕ, ನಿನ್ನ ಮಾವ ಕರ್ಮಕ್ಕೆ ಕುಳಿತಿದ್ದ, ತೋಟದ ಕಡೆ ನೋಡುವವರಿರಲಿಲ್ಲ. ನಾಲ್ಕನೆಯದೋ ಐದನೆಯದೋ ದಿನ ಮಳೆ ಹೊಳವಾಯಿತು. ಪಕ್ಕದ ಮನೆಯವರು, ನಾವು ಕೇಳದೆಯೇ, ತಮ್ಮ ಕೆಲಸದವರನ್ನೂ ತಮ್ಮದೇ ಮೈಲುತುತ್ತವನ್ನೂ ತಂದು ನಮ್ಮ ತೋಟಕ್ಕೆ ಇಳಿದರು. ಸ್ವಲ್ಪ ಹೊತ್ತಿನ ಮೇಲೆ ಅವರ ಯಜಮಾನರು ಅಂಗಳದ ತುದಿಗೆ ಬಂದು, ದೂರದಿಂದಲೇ ಚೂರಿ ಎತ್ತಿ ಹಿಡಿದು, “ತಂಗೀ, ಒಮ್ಮೆ ನೋಡಿ ಹೇಳು. ನಿನ್ನ ಅಪ್ಪಯ್ಯನ ತೋಟಕ್ಕೆ ನನ್ನ ಅಂದಾಜಿನ ಔಷಧಿ ಬೇಡ” ಎಂದರು. ಅಲಗು ಬೆಳ್ಳಗಿತ್ತು. “ಹೊಡೆಯಬಹುದು” ಎಂದೆ. ಅಂದಿನವರೆಗೆ ಬಾರದ ಅಳು ನನಗೆ ಬಂದದ್ದು ಆಗ.

ಶ್ರಾದ್ಧ ಮಾಡುವವನು ಮಗ. ಅದು ನಮ್ಮಲ್ಲಿರುವ ಪದ್ಧತಿ, ನನಗೆ ಅದರ ಮೇಲೆ ದೂರಿಲ್ಲ. ಪಿಂಡ ಹಾಕುವಾಗ ಮೂರು ತಲೆಮಾರಿನ ಹೆಸರು ಹೇಳುತ್ತಾರೆ, ಹೆಸರುಗಳು ಹಾಗೆ ಉಳಿಯುತ್ತವೆ. ಅವರು ಹೇಗೆ ಕೆಲಸ ಮಾಡುತ್ತಿದ್ದರು ಎಂಬುದು ಮಂತ್ರದಲ್ಲಿಲ್ಲ. ಅದಕ್ಕಾಗಿಯೇ ನಿನಗೆ ಇಷ್ಟು ಉದ್ದ ಬರೆದೆ.

ಈಗ ನಿನ್ನ ರಜೆಯ ವಿಷಯ. ಅಜ್ಜ ಹೋದ ತಾರೀಕನ್ನು ನೀನು ಮೊಬೈಲಿನಲ್ಲಿ ಗುರುತು ಹಾಕಿಕೊಂಡಿದ್ದೀಯೆ, ಆದರೆ ತಿಥಿ ಅದೇ ತಾರೀಕಿಗೆ ಬರುವುದಿಲ್ಲ. ನಾವು ಹಿಡಿಯುವುದು ಆಷಾಢ ಬಹುಳ ಪಂಚಮಿಯನ್ನು. ಚಾಂದ್ರಮಾನದ ವರ್ಷ ಸೌರ ವರ್ಷಕ್ಕಿಂತ ಸುಮಾರು ಹನ್ನೊಂದು ದಿನ ಚಿಕ್ಕದು, ಆದ್ದರಿಂದ ತಿಥಿ ಪ್ರತಿ ವರ್ಷ ಅಷ್ಟು ಹಿಂದಕ್ಕೆ ಸರಿಯುತ್ತದೆ. ಅಧಿಕ ಮಾಸ ಬಂದಾಗ ಒಮ್ಮೆಗೇ ಮುಂದಕ್ಕೆ ಹೋಗುತ್ತದೆ. 2024ರಲ್ಲಿ ಜುಲೈ ಕೊನೆಯ ವಾರದಲ್ಲಿತ್ತು, ಈ ವರ್ಷ ಜುಲೈ ನಡುವಿಗೆ ಬಂತು. 2026ರಲ್ಲಿ ಅಧಿಕ ಜ್ಯೇಷ್ಠ ಇರುವುದರಿಂದ ಆಗಸ್ಟ್ ಮೊದಲ ವಾರಕ್ಕೆ ಹೋಗುತ್ತದೆ. ಪಂಚಮಿ ಎರಡು ದಿನ ಹರಡಿದ್ದರೆ, ಅಪರಾಹ್ನದಲ್ಲಿ ಯಾವ ದಿನ ಇದೆಯೋ ಆ ದಿನ ಶ್ರಾದ್ಧ. ಭಟ್ಟರನ್ನು ಕೇಳಿ ದಿನ ತಿಳಿಸುತ್ತೇನೆ, ಅಲ್ಲಿಯವರೆಗೆ ಟಿಕೆಟ್ ಮಾಡಿಸಬೇಡ. ಸಾಧ್ಯವಾದರೆ ಎರಡು ದಿನ ಮೊದಲೇ ಬಾ. ಆ ಹೊತ್ತಿಗೆ ಔಷಧಿ ಕೆಲಸ ಉಳಿದಿದ್ದರೆ, ನಿನ್ನ ಮಾವನಿಗೆ ಈಗ ಕನ್ನಡಕವಿಲ್ಲದೆ ಅಲಗಿನ ಬಣ್ಣ ಸರಿಯಾಗಿ ತಿಳಿಯುವುದಿಲ್ಲ.

ನಿನ್ನ,
ಅಮ್ಮ