ಫ್ಯಾಬ್ರಿಕೇಷನ್‌ಗೆ ಇನ್ನು ಕೆಜಿ ರೇಟು ಇಲ್ಲ, ಪ್ಲೇಟಿಂಗ್‌ಗೆ ಇರುತ್ತದೆ: ಗ್ರಾಹಕರಿಗೆ ಒಂದು ಪತ್ರ

ಪೀಣ್ಯ, ಬೆಂಗಳೂರು

ಮಾನ್ಯ ಗ್ರಾಹಕರೇ,

ನಮಸ್ಕಾರ. ಬರುವ ಜುಲೈ 1ರಿಂದ ನಮ್ಮ ಫ್ಯಾಬ್ರಿಕೇಷನ್ ಶೆಡ್ಡಿನ ಕೆಲಸಕ್ಕೆ ಕೆಜಿ ಲೆಕ್ಕದ ರೇಟು ನಿಲ್ಲಿಸುತ್ತಿದ್ದೇವೆ. ಪ್ರತಿ ಆರ್ಡರಿಗೂ ಅದರದ್ದೇ ಲೆಕ್ಕ ಹಾಕಿ ಬೆಲೆ ಹೇಳುತ್ತೇವೆ. ಪಕ್ಕದ ಜಿಂಕ್ ಪ್ಲೇಟಿಂಗ್ ವಿಭಾಗದಲ್ಲಿ ಮಾತ್ರ ಕೆಜಿ ರೇಟು ಮುಂದುವರಿಯುತ್ತದೆ. ಒಂದೇ ಗೇಟಿನೊಳಗೆ ಎರಡು ಥರದ ಲೆಕ್ಕ ಏಕೆ ಎಂದು ಕೆಲವರು ಈಗಾಗಲೇ ಫೋನ್ ಮಾಡಿ ಕೇಳಿದ್ದೀರಿ. ನಿಮ್ಮಲ್ಲಿ ಹಲವರ ಬಿಲ್ಲು ಇಳಿಯುತ್ತದೆ, ಕೆಲವರದ್ದು ಗಣನೀಯವಾಗಿ ಏರುತ್ತದೆ. ಆದ್ದರಿಂದ ಕಾರಣವನ್ನು ಅಂಕಿಗಳ ಸಮೇತ ಬರೆಯುವುದು ನಮ್ಮ ಕರ್ತವ್ಯ.

ನಾವು ಮೊದಲು ಶುರು ಮಾಡಿದ್ದು ಪ್ಲೇಟಿಂಗ್. ಅಲ್ಲಿ ತೂಕ ಹಾಕಿ, ತೂಕಕ್ಕೆ ಬಿಲ್ಲು ಮಾಡುತ್ತಿದ್ದೆವು. ಆಮೇಲೆ ಫ್ಯಾಬ್ರಿಕೇಷನ್ ಸೇರಿಸಿದಾಗಲೂ ಅದೇ ಅಭ್ಯಾಸ ಮುಂದುವರಿಯಿತು. ಮೆಟೀರಿಯಲ್ ನಿಮ್ಮದು, ಕತ್ತರಿಸಿ, ಬಗ್ಗಿಸಿ, ವೆಲ್ಡ್ ಮಾಡಿ, ಗ್ರೈಂಡ್ ಮಾಡಿ ಕೊಡುವ ಲೇಬರ್ ನಮ್ಮದು. ಕೆಜಿಗೆ 40 ರೂಪಾಯಿ. ಪೇಟೆಯಲ್ಲೂ ಹಾಗೇ ನಡೆಯುತ್ತದೆ, ಹೀಗಾಗಿ ಯಾರೂ ಪ್ರಶ್ನೆ ಮಾಡಲಿಲ್ಲ.

ಎರಡು ವರ್ಷಗಳಿಂದ ಒಂದು ವಿಚಿತ್ರ ಕಾಣುತ್ತಿತ್ತು. ಮೆಷಿನ್ ಗಾರ್ಡ್, ಪ್ಯಾನೆಲ್ ಬಾಕ್ಸ್‌ನಂಥ ತೆಳು ಶೀಟಿನ ಆರ್ಡರುಗಳು ಹೆಚ್ಚುತ್ತಲೇ ಹೋದವು. ಚಾನೆಲ್, ಆಂಗಲ್ ಹಾಕಿ ಮಾಡುವ ಪ್ಲಾಟ್‌ಫಾರಂ, ರ‍್ಯಾಕ್‌ಗಳ ಗ್ರಾಹಕರು ಒಬ್ಬೊಬ್ಬರಾಗಿ ಬೇರೆ ಕಡೆ ಹೋದರು. ಶೆಡ್ಡಿನಲ್ಲಿ ರಾತ್ರಿ ಒಂಬತ್ತರವರೆಗೆ ಕೆಲಸ, ತಿಂಗಳ ಕೊನೆಗೆ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಹಾಗಾಗಿ ಮೂರು ತಿಂಗಳ ಕಾಲ, ಬಿಲ್ಲು ಹಳೆಯ ರೇಟಿನಲ್ಲೇ ಮಾಡುತ್ತಾ, ಒಳಗೆ ಪ್ರತಿ ಆರ್ಡರಿಗೂ ಜಾಬ್ ಕಾರ್ಡ್ ಇಟ್ಟೆವು.

ಜಾಬ್ ಕಾರ್ಡ್ ಎಂದರೆ ಅಂಗೈಯಗಲದ ಒಂದು ದಪ್ಪ ಕಾಗದ. ಆರ್ಡರ್ ನಂಬರ್ ಬರೆದು, ಕೆಲಸ ನಡೆಯುವ ಟೇಬಲ್ಲಿಗೆ ಮ್ಯಾಗ್ನೆಟ್‌ನಿಂದ ಅಂಟಿಸುತ್ತೇವೆ. ಫಿಟ್ಟರ್ ಕೆಲಸ ಹಿಡಿದಾಗ ಟೈಮ್ ಬರೆಯಬೇಕು, ಬಿಟ್ಟಾಗ ಬರೆಯಬೇಕು. ಸ್ಟೋರಿನಿಂದ ವೆಲ್ಡಿಂಗ್ ವೈರ್, ಗ್ರೈಂಡಿಂಗ್ ವೀಲ್ ತಂದರೆ ಅದೂ ಆ ಕಾರ್ಡಿನ ಮೇಲೇ ಬೀಳಬೇಕು. ಮೊದಲ ಎರಡು ವಾರ ಎಲ್ಲರೂ ಸಂಜೆ ಕೂತು ಅಂದಾಜಿನಲ್ಲಿ ತುಂಬುತ್ತಿದ್ದರು. ಎಲ್ಲ ಕಾರ್ಡಿನಲ್ಲೂ ಎರಡು ಗಂಟೆ, ನಾಲ್ಕು ಗಂಟೆ ಎಂಬ ದುಂಡು ಅಂಕಿ ಕಂಡಾಗಲೇ ನಮಗೆ ಅದು ಗೊತ್ತಾಯಿತು. ಆ ಎರಡು ವಾರದ ಕಾರ್ಡುಗಳನ್ನು ಬದಿಗಿಟ್ಟೆವು. ಮೂರನೇ ವಾರದಿಂದ ಎಣ್ಣೆ ಕೈಯ ಗುರುತಿನ ಸಮೇತ 9.10, 11.35 ಎಂದು ಬರತೊಡಗಿತು. ಅವೇ ನಂಬುವ ಅಂಕಿಗಳು.

ಇನ್ನೊಂದು ಲೆಕ್ಕ ಓವರ್‌ಹೆಡ್‌ನದು. ಬಾಡಿಗೆ, ಕರೆಂಟು, ಯಂತ್ರಗಳ ಸವಕಳಿ, ಸೂಪರ್‌ವೈಸರ್ ಸಂಬಳ, ಕೆಲಸವಿಲ್ಲದೆ ಕಳೆದ ಗಂಟೆಗಳ ಕೂಲಿ, ಎಲ್ಲ ಸೇರಿ ಫ್ಯಾಬ್ರಿಕೇಷನ್ ಶೆಡ್ಡಿಗೆ ತಿಂಗಳಿಗೆ 2,10,000 ರೂಪಾಯಿ. ಒಂಬತ್ತು ಜನ, 25 ದಿನ, 8 ಗಂಟೆ ಎಂದರೆ ಪುಸ್ತಕದ ಮೇಲೆ 1,800 ಗಂಟೆ. ಆದರೆ ಜಾಬ್ ಕಾರ್ಡುಗಳ ಮೇಲೆ ನಿಜವಾಗಿ ಬಿದ್ದದ್ದು 1,500 ಗಂಟೆ. ಉಳಿದದ್ದು ಕರೆಂಟು ಹೋಗಿದ್ದು, ಮೆಟೀರಿಯಲ್‌ಗೆ ಕಾದದ್ದು, ಯಂತ್ರ ರಿಪೇರಿ. ಓವರ್‌ಹೆಡ್ಡನ್ನು 1,500ರಿಂದಲೇ ಭಾಗಿಸಬೇಕು. ಗಂಟೆಗೆ 140 ಬರುತ್ತದೆ. 1,800ರಿಂದ ಭಾಗಿಸಿದ್ದರೆ ಗಂಟೆಗೆ ಸುಮಾರು 117 ಎಂದು ತೋರಿ, ತಿಂಗಳಿಗೆ ಸುಮಾರು 35,000 ರೂಪಾಯಿ ಯಾವ ಬಿಲ್ಲಿಗೂ ಸೇರದೆ ಹೋಗುತ್ತಿತ್ತು. ಇದಕ್ಕೆ ಪಿಎಫ್, ಇಎಸ್‌ಐ ಸೇರಿದ ಕೂಲಿ ಗಂಟೆಗೆ 110 ಕೂಡಿಸಿದರೆ 250.

ಈಗ ಎರಡು ಆರ್ಡರ್ ಅಕ್ಕಪಕ್ಕ ಇಡುತ್ತೇವೆ. ಮೊದಲನೆಯದು ಗೋಡೌನಿನ ಒಂದು ಪ್ಲಾಟ್‌ಫಾರಂ, 1,200 ಕೆಜಿ. ಕೆಜಿ ರೇಟಿನಲ್ಲಿ ಬಿಲ್ಲು 48,000. ಕಾರ್ಡಿನ ಪ್ರಕಾರ ಅದು ತಿಂದದ್ದು 120 ಗಂಟೆ, ಅಂದರೆ 30,000. ವೈರ್, ಗ್ಯಾಸ್, ವೀಲ್ ಸೇರಿ 5,400. ಒಟ್ಟು ವೆಚ್ಚ 35,400. ಎರಡನೆಯದು ಬಾಗಿಲಿರುವ ಒಂದು ಮೆಷಿನ್ ಗಾರ್ಡ್, ತೂಕ ಬರೀ 180 ಕೆಜಿ. ಬಿಲ್ಲು 7,200. ಅದರಲ್ಲಿ ಹತ್ತಾರು ಬೆಂಡು, ಕೀಲು, ಪಾಲಿಷ್ ಮಾಡಿದ ಮೂಲೆಗಳು. 64 ಗಂಟೆ, ಅಂದರೆ 16,000, ಇತರೆ 1,100. ಒಟ್ಟು 17,100. ಪ್ಲಾಟ್‌ಫಾರಂ ಗ್ರಾಹಕರಿಂದ ವೆಚ್ಚಕ್ಕಿಂತ 12,600 ಹೆಚ್ಚು ತೆಗೆದುಕೊಂಡಿದ್ದೇವೆ, ಗಾರ್ಡ್ ಗ್ರಾಹಕರಿಗೆ 9,900 ನಮ್ಮ ಕೈಯಿಂದ ಹಾಕಿದ್ದೇವೆ. ಗಾರ್ಡಿನ ಆರ್ಡರುಗಳು ಏಕೆ ಹುಡುಕಿಕೊಂಡು ಬರುತ್ತಿದ್ದವು, ರ‍್ಯಾಕಿನವರು ಏಕೆ ಹೋದರು ಎಂಬುದಕ್ಕೆ ಇಷ್ಟೇ ಉತ್ತರ. ಹೋದವರಿಗೆ ನಮ್ಮಿಂದ ಅನ್ಯಾಯವಾಗಿತ್ತು ಎಂದು ಒಪ್ಪಿಕೊಳ್ಳುತ್ತೇವೆ.

ಇನ್ನು ಮುಂದೆ ವೆಚ್ಚದ ಮೇಲೆ ಎಲ್ಲರಿಗೂ ಒಂದೇ 12 ಶೇಕಡಾ ಲಾಭ ಇಡುತ್ತೇವೆ. ಅದೇ ಪ್ಲಾಟ್‌ಫಾರಂ 39,648ಕ್ಕೆ ಇಳಿಯುತ್ತದೆ, ಗಾರ್ಡ್ 19,152 ಆಗುತ್ತದೆ, ಜಿಎಸ್‌ಟಿ ಬೇರೆ. ಗಾರ್ಡ್ ಕೊಡುವವರಿಗೆ ಇದು ದೊಡ್ಡ ಏರಿಕೆ ಎಂದು ಗೊತ್ತು. ಆದರೆ ಕಾರ್ಡಿನಿಂದ ಇನ್ನೊಂದು ಸಂಗತಿಯೂ ಸಿಕ್ಕಿದೆ. ಆ 64 ಗಂಟೆಯಲ್ಲಿ 18 ಗಂಟೆ ಬರೀ ಗ್ರೈಂಡಿಂಗ್. ಅದರಲ್ಲಿ ಬಹುಪಾಲು ಯಂತ್ರದ ಹಿಂದೆ ಅಡಗುವ, ಯಾರ ಕಣ್ಣಿಗೂ ಬೀಳದ ವೆಲ್ಡುಗಳನ್ನು ನುಣುಪು ಮಾಡಿದ್ದು, ಡ್ರಾಯಿಂಗಿನಲ್ಲಿ ಹಾಗೆ ಬರೆದಿತ್ತು ಎಂಬ ಕಾರಣಕ್ಕೆ. ಅಲ್ಲಿ 12 ಗಂಟೆ ಬಿಟ್ಟರೆ ವೆಚ್ಚದಲ್ಲಿ 3,000 ರೂಪಾಯಿ ಇಳಿಯುತ್ತದೆ. ಕೆಜಿ ಲೆಕ್ಕದಲ್ಲಿ ಇದು ನಮಗೂ ನಿಮಗೂ ಎಂದೂ ಕಾಣುತ್ತಿರಲಿಲ್ಲ.

ಹಾಗಿದ್ದರೆ ಪ್ಲೇಟಿಂಗಿಗೂ ಜಾಬ್ ಕಾರ್ಡ್ ಏಕಿಲ್ಲ? ಅಲ್ಲಿ ಒಂದು ಬ್ಯಾರೆಲ್ ಹಿಂದೆ ಇನ್ನೊಂದು ಅದೇ ಟ್ಯಾಂಕುಗಳಲ್ಲಿ ಇಳಿಯುತ್ತದೆ: ಎಣ್ಣೆ ತೆಗೆಯುವುದು, ಆಸಿಡ್ ಪಿಕ್ಲಿಂಗ್, ತೊಳೆಯುವುದು, ಜಿಂಕ್, ಪ್ಯಾಸಿವೇಷನ್, ಒಣಗಿಸುವುದು. ಆಸಿಡ್ ಎಷ್ಟು ಯಾರ ಬೋಲ್ಟಿಗೆ ಹೋಯಿತು, ರೆಕ್ಟಿಫೈಯರ್ ಕರೆಂಟಿನಲ್ಲಿ ಯಾರ ಪಾಲು ಎಷ್ಟು ಎಂದು ಬೇರೆ ಮಾಡಿ ಹೇಳಲು ಆಗದು. ಕಾರ್ಡ್ ಇಟ್ಟರೂ ಅದರಲ್ಲಿ ತುಂಬುವುದು ಅಂದಾಜೇ. ಇಂಥ ಕಡೆ ಇಡೀ ವಿಭಾಗದ ತಿಂಗಳ ಖರ್ಚನ್ನು ಇಡೀ ತಿಂಗಳ ಉತ್ಪಾದನೆಗೆ ಹಂಚುವ ಪ್ರೋಸೆಸ್ ಕಾಸ್ಟಿಂಗೇ ಸರಿ.

ಅಲ್ಲಿ ಎಚ್ಚರ ಬೇಕಾದದ್ದು ಅರೆಬರೆ ಮಾಲಿನ ಲೆಕ್ಕದಲ್ಲಿ. ಕಳೆದ ತಿಂಗಳು ಖಾಲಿ ಟ್ಯಾಂಕಿನಿಂದ ಶುರು ಮಾಡಿದೆವು, ಖರ್ಚು 3,20,000. ಮುಗಿದು ಹೊರಗೆ ಹೋದದ್ದು 15,500 ಕೆಜಿ. ಕೊನೆಯ ದಿನ ಸಂಜೆ 1,250 ಕೆಜಿ ಪಿಕ್ಲಿಂಗ್ ದಾಟಿ ನಿಂತಿತ್ತು, ಕೆಲಸ ಸುಮಾರು 40 ಶೇಕಡಾ ಮುಗಿದಿತ್ತು. ಅದನ್ನು 500 ಕೆಜಿ ಪೂರ್ತಿ ಮಾಲಿಗೆ ಸಮ ಎಂದು ಹಿಡಿಯಬೇಕು. 16,000ರಿಂದ ಭಾಗಿಸಿದರೆ ಕೆಜಿಗೆ 20 ರೂಪಾಯಿ. ನಿಂತ ಮಾಲನ್ನು ಬಿಟ್ಟರೆ 20.65 ಆಗುತ್ತಿತ್ತು, ಅದನ್ನೂ ಮುಗಿದದ್ದೇ ಎಂದರೆ 19.10. ಹಾಗೆ ತಪ್ಪಿದರೆ ರೇಟು ಪ್ರತಿ ತಿಂಗಳು ಕಾರಣವಿಲ್ಲದೆ ಏರಿಳಿಯುತ್ತದೆ.

ರಿಜೆಕ್ಟಿನ ವಿಷಯವೂ ಹೇಳಬೇಕು. ನೂರಕ್ಕೆ ಎರಡು ಕೆಜಿಯಷ್ಟು ಮತ್ತೆ ಪ್ಲೇಟ್ ಮಾಡಬೇಕಾಗುವುದು ಈ ಕೆಲಸದಲ್ಲಿ ಸಹಜ, ಅದರ ಖರ್ಚು ರೇಟಿನಲ್ಲಿ ಸೇರಿದೆ. ಆದರೆ ಒಮ್ಮೆ ರೆಕ್ಟಿಫೈಯರ್ ಕೆಟ್ಟು 600 ಕೆಜಿ ಮಾಲು ಕಪ್ಪಾಗಿ ಬಂತು. ಅದರ ಖರ್ಚು ನಮ್ಮ ನಷ್ಟದ ಖಾತೆಗೆ ಹೋಯಿತು, ನಿಮ್ಮ ರೇಟಿಗೆ ಅಲ್ಲ. ಸಹಜ ನಷ್ಟ, ಅಸಹಜ ನಷ್ಟ ಎಂಬ ಈ ಗೆರೆಯನ್ನು ಮುಂದೆಯೂ ಕಾಯುತ್ತೇವೆ.

ಕೆಜಿ ರೇಟು ಪ್ಲೇಟಿಂಗಿನಲ್ಲೂ ಒಂದು ಕಡೆ ಸೋಲುತ್ತದೆ. ಜಿಂಕ್ ಕೂರುವುದು ಮೇಲ್ಮೈ ಮೇಲೆ, ತೂಕದ ಮೇಲಲ್ಲ. ಒಂದು ಕೆಜಿ 1 ಮಿಮೀ ಶೀಟಿನ ಕ್ಲಿಪ್ಪುಗಳ ಎರಡೂ ಬದಿ ಸೇರಿ ಸುಮಾರು ಕಾಲು ಚದರ ಮೀಟರ್. 5 ಮಿಮೀ ಪಟ್ಟಿಯಾದರೆ ಅದರ ಐದನೇ ಒಂದು ಭಾಗ. 8 ಮೈಕ್ರಾನ್ ಲೇಪಕ್ಕೆ ಮೊದಲನೆಯದು ಸುಮಾರು 14 ಗ್ರಾಂ ಜಿಂಕ್ ತಿನ್ನುತ್ತದೆ, ಎರಡನೆಯದು 3 ಗ್ರಾಂಗೂ ಕಡಿಮೆ. ಹಾಗಾಗಿ 2 ಮಿಮೀಗಿಂತ ತೆಳುವಾದ ಮಾಲಿಗೆ ಒಂದು, ದಪ್ಪನೆಯದಕ್ಕೆ ಒಂದು, ಹೀಗೆ ಎರಡು ಕೆಜಿ ರೇಟು ಇಡುತ್ತೇವೆ. ಕೈಯಿಂದ ತೂಗುಹಾಕಿ ಪ್ಲೇಟ್ ಮಾಡಬೇಕಾದ, ಸಾಲ್ಟ್ ಸ್ಪ್ರೇ ಟೆಸ್ಟ್ ರಿಪೋರ್ಟ್ ಬೇಕಾದ ಬಿಡಿ ಭಾಗಗಳು ಬಂದರೆ ಅವಕ್ಕೆ ಪ್ಲೇಟಿಂಗಿನಲ್ಲೂ ಜಾಬ್ ಕಾರ್ಡೇ.

ನಿಮ್ಮಲ್ಲಿ ಹಲವರು ಸ್ವಂತ ಘಟಕ ನಡೆಸುವವರು, ನಮಗೆ ಯಾವುದು ಹೊಂದುತ್ತದೆ ಎಂದೂ ಕೇಳಿದ್ದೀರಿ. ಮುಗಿದ ಒಂದು ವಸ್ತುವನ್ನು ಕೈಯಲ್ಲಿ ಹಿಡಿದು ಇದು ಯಾರದು, ಇದಕ್ಕೆ ಇಂತಿಷ್ಟು ಹಿಡಿಯಿತು ಎಂದು ಹೇಳಲು ಆಗುವುದಾದರೆ ಜಾಬ್ ಕಾಸ್ಟಿಂಗ್. ಟೂಲ್ ರೂಮು, ಡೈ ಮಾಡುವವರು, ಕಂಟ್ರೋಲ್ ಪ್ಯಾನೆಲ್, ಮದುವೆ ಕಾರ್ಡ್ ಅಚ್ಚು ಹಾಕುವ ಪ್ರೆಸ್, ಮನೆಗೆ ಅಳತೆ ತೆಗೆದು ಮಾಡುವ ಮರದ ಕೆಲಸ, ಇವೆಲ್ಲ ಹೀಗೆ. ಒಂದು ಲೀಟರ್ ಹಾಲನ್ನು ಇನ್ನೊಂದರಿಂದ ಬೇರೆ ಹೇಳಲಾಗದಂತೆ ಮಾಲು ಎಡೆಬಿಡದೆ ಹರಿಯುವ ಡೈರಿ, ಸಕ್ಕರೆ, ಸೋಪು, ಬಣ್ಣ, ಸಿಮೆಂಟ್, ಅಗರಬತ್ತಿಗಳಿಗೆ ಪ್ರೋಸೆಸ್ ಕಾಸ್ಟಿಂಗ್. ಗಾರ್ಮೆಂಟ್ಸ್ ಇವೆರಡರ ನಡುವೆ: ಒಂದು ಆರ್ಡರಿನ ಐದು ಸಾವಿರ ಶರ್ಟನ್ನು ಒಂದೇ ಜಾಬ್ ಎಂದು ಹಿಡಿದು, ಬಂದದ್ದನ್ನು ಐದು ಸಾವಿರದಿಂದ ಭಾಗಿಸುತ್ತಾರೆ.

ಜೂನ್ 30ರೊಳಗೆ ಪಿಓ ಕೊಟ್ಟಿರುವ ಎಲ್ಲ ಫ್ಯಾಬ್ರಿಕೇಷನ್ ಕೆಲಸಕ್ಕೂ ಹಳೆಯ 40 ರೂಪಾಯಿಯೇ ಅನ್ವಯ, ಡೆಲಿವರಿ ಯಾವಾಗಲೇ ಆಗಲಿ. ಆಮೇಲಿನ ಆರ್ಡರುಗಳಿಗೆ ಡ್ರಾಯಿಂಗ್ ಬಂದ ಮೂರು ದಿನದೊಳಗೆ ಅಂದಾಜು ಗಂಟೆಗಳ ಸಮೇತ ಕೊಟೇಷನ್ ಕಳಿಸುತ್ತೇವೆ. ನಮ್ಮ ತಪ್ಪಿನಿಂದ ಗಂಟೆ ಹೆಚ್ಚಾದರೆ ಕೊಟೇಷನ್ ಬದಲಾಗುವುದಿಲ್ಲ. ಡ್ರಾಯಿಂಗ್ ನಡುವೆ ಬದಲಾದರೆ ಮಾತ್ರ, ಆ ಬದಲಾವಣೆಗೆ ಬೇರೆ ಕಾರ್ಡ್ ತೆರೆದು, ನಿಮ್ಮ ಒಪ್ಪಿಗೆ ಪಡೆದು ಸೇರಿಸುತ್ತೇವೆ. ಇನ್ವಾಯ್ಸ್ ಜೊತೆ ಜಾಬ್ ಕಾರ್ಡಿನ ಪ್ರತಿಯೂ ಬರುತ್ತದೆ. ಗಾರ್ಡ್, ಬಾಕ್ಸ್ ಆರ್ಡರ್ ಕೊಡುವವರು ಮುಂದಿನ ಡ್ರಾಯಿಂಗ್ ಬಿಡುವ ಮೊದಲು ಒಮ್ಮೆ ಶೆಡ್ಡಿಗೆ ಬನ್ನಿ; ನಿಮ್ಮ ಹಳೆಯ ಕಾರ್ಡುಗಳನ್ನು ತೆಗೆದಿಟ್ಟಿದ್ದೇವೆ, ಗಂಟೆಗಳು ಎಲ್ಲಿ ಹೋದವು ಎಂದು ಫಿಟ್ಟರ್ ಜೊತೆ ಕೂತು ನೋಡೋಣ.

ತಮ್ಮ ವಿಶ್ವಾಸಿಗಳು,
ಪಾಲುದಾರರು