ಹಣ ಕಳಿಸುವ ಮುನ್ನ ಒಂದು ಫೋನ್ ಮಾಡು ಮಂಜು

ಪ್ರಿಯ ಮಂಜು,

ಶುಕ್ರವಾರ ರಿಜಿಸ್ಟ್ರೇಷನ್ ಅಂತ ನಿನ್ನೆ ಹೇಳಿದೆ. ಮನೆ ಮಾರುವವರು ಶಿವಮೊಗ್ಗದಲ್ಲಿದ್ದಾರೆ, ಎಲ್ಲ ಮಾತುಕತೆ ಮೇಲ್‌ನಲ್ಲೇ ನಡೆದಿದೆ ಅಂದೆ. ಆ ಮಾತು ಕೇಳಿದ ಮೇಲೆ ರಾತ್ರಿ ನಿದ್ದೆ ಬರಲಿಲ್ಲ. ನನಗಾದದ್ದನ್ನು ಪೂರ್ತಿಯಾಗಿ ನಿನಗೆ ಯಾವತ್ತೂ ಹೇಳಿಲ್ಲ, ಅಲ್ವಾ?

2024ರ ಫೆಬ್ರವರಿ. ಬನಶಂಕರಿಯ ಆ ಫ್ಲ್ಯಾಟಿಗೆ 78 ಲಕ್ಷ ಮಾತಾಗಿತ್ತು. ಕರಾರು ಪತ್ರದ ದಿನ 8 ಲಕ್ಷ ಮುಂಗಡ. 50 ಲಕ್ಷ ಸಾಲ, ಅದನ್ನು ಬ್ಯಾಂಕಿನವರು ನೋಂದಣಿಯ ದಿನ ಡಿಡಿಯಲ್ಲಿ ಕೊಡುವವರಿದ್ದರು. ಉಳಿದ 20 ಲಕ್ಷ ನನ್ನ ಕೈಯಿಂದ. ಒಟ್ಟು ಬೆಲೆಯ ಮೇಲೆ ಶೇಕಡಾ 1ರಷ್ಟು ಟಿಡಿಎಸ್ ನಾನೇ ಹಿಡಿದು ತೆರಿಗೆ ಇಲಾಖೆಗೆ ಕಟ್ಟಬೇಕಿತ್ತು, ಅಂದರೆ 78,000. ಮುಂಗಡದ 8,000 ಆಗಲೇ ಕಟ್ಟಿದ್ದೆ. ಇನ್ನು 70,000 ಕಳೆದರೆ ನಾನು ಹಾಕಬೇಕಾದದ್ದು 19,30,000.

ನೋಂದಣಿಗೆ ಎರಡು ದಿನ ಇದ್ದಾಗ ಫ್ಲ್ಯಾಟಿನ ಯಜಮಾನರಿಂದ ಮೇಲ್ ಬಂತು. ‘ಕೆವೈಸಿ ತೊಂದರೆಯಿಂದ ನನ್ನ ಖಾತೆ ನಿಂತಿದೆ, ದಯವಿಟ್ಟು 19,30,000 ರೂಪಾಯಿಯನ್ನು ಈ ಖಾತೆಗೆ ಹಾಕಿ’ ಅಂತ. ಮೊತ್ತ ಒಂದು ರೂಪಾಯಿಯೂ ತಪ್ಪಿರಲಿಲ್ಲ. ವಿಳಾಸ ಅವರದ್ದೇ, ಅಕ್ಷರ ಅಕ್ಷರ ನೋಡಿದೆ. ಹಳೆಯ ಮೇಲ್‌ಗಳ ಕೆಳಗೇ ಉತ್ತರವಾಗಿ ಬಂದಿತ್ತು. ಆದರೂ ಅನುಮಾನ ಬಂದು, ‘ಸಾರ್, ಖಾತೆ ನಂಬರ್ ಸರಿ ಇದೆಯಾ?’ ಅಂತ ಅಲ್ಲೇ ಕೇಳಿದೆ. ಹತ್ತು ನಿಮಿಷದಲ್ಲಿ ‘ಹೌದು, ಸರಿ ಇದೆ’ ಅಂತ ಉತ್ತರ ಬಂತು.

ನಾನು ಬಿದ್ದದ್ದು ಅಲ್ಲೇ ಕಣೋ. ಕಳ್ಳ ಕೂತಿದ್ದ ಬಾಗಿಲಲ್ಲೇ ನಿಂತು ‘ಒಳಗೆ ಯಾರು?’ ಅಂತ ಕೇಳಿದ ಹಾಗಾಯಿತು. ಯಜಮಾನರ ಮೇಲ್‌ನ ಪಾಸ್‌ವರ್ಡ್ ಕಳ್ಳರಿಗೆ ಸಿಕ್ಕಿತ್ತು. ಆ ಕಳ್ಳರು ವಾರಗಟ್ಟಲೆ ನಮ್ಮ ಮೇಲ್‌ಗಳನ್ನು ಸುಮ್ನೆ ಓದುತ್ತಾ ಕೂತಿದ್ದರು, ಅದಕ್ಕೇ ಮೊತ್ತ ಅಷ್ಟು ಸರಿಯಾಗಿ ಗೊತ್ತಿತ್ತು. ಮೇಲಾಗಿ ಒಂದು ಫಿಲ್ಟರ್ ಹಾಕಿದ್ದರು. ನನ್ನ ವಿಳಾಸದಿಂದ ಬಂದ ಮೇಲ್ ಯಜಮಾನರ ಕಣ್ಣಿಗೆ ಬೀಳದೆ ಕಸದ ಬುಟ್ಟಿಗೆ ಹೋಗುತ್ತಿತ್ತು. ನನ್ನ ಪ್ರಶ್ನೆಯನ್ನು ಅವರು ನೋಡಲೇ ಇಲ್ಲ.

ಬುಧವಾರ ಸಂಜೆ 4:40ಕ್ಕೆ ಆರ್‌ಟಿಜಿಎಸ್ ಮಾಡಿದೆ. ಹೆಸರಿನ ಜಾಗದಲ್ಲಿ ಯಜಮಾನರ ಹೆಸರನ್ನೇ ಬರೆದಿದ್ದೆ. ಆದರೆ ದುಡ್ಡು ಜಮಾ ಆಗುವುದು ಖಾತೆ ನಂಬರ್ ನೋಡಿ, ಹೆಸರು ನೋಡಿ ಅಲ್ಲ. ರಾತ್ರಿ ಏಳೂವರೆಗೆ ಅವರೇ ಫೋನ್ ಮಾಡಿ, ‘ದುಡ್ಡು ಯಾವಾಗ ಹಾಕುತ್ತೀರಿ?’ ಅಂದರು. ಕೈಕಾಲು ತಣ್ಣಗಾಯಿತು.

ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಆ ಹಣ ವರ್ಗಾವಣೆಯ ಯುಟಿಆರ್ ನಂಬರ್ ಕೊಟ್ಟೆ. ನನ್ನ ಬ್ಯಾಂಕಿಗೂ ತಿಳಿಸಿದೆ. ಆಮೇಲೆ ಸೈಬರ್ ಅಪರಾಧ ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆಗೆ ಓಡಿದೆ. 7,90,000 ಆ ಖಾತೆಯಲ್ಲೇ ತಡೆಹಿಡಿಯಲಾಯಿತು. ಉಳಿದ 11,40,000 ಆ ಮೂರು ಗಂಟೆಯಲ್ಲೇ ಬೇರೆ ಬೇರೆ ಖಾತೆಗಳಿಗೆ ಹರಿದು ಹೋಗಿತ್ತು, ಅದು ಸಿಗಲಿಲ್ಲ. ತಡೆದದ್ದನ್ನು ಕೈಗೆ ಪಡೆಯಲು ಕೋರ್ಟ್ ಆದೇಶ ಬೇಕಾಯಿತು, ಏಳು ತಿಂಗಳು ಹಿಡಿಯಿತು. ಅಮ್ಮನ ಬಳೆ ಅಡವಿಟ್ಟು ನೋಂದಣಿ ಮುಗಿಸಿದೆ.

ಈಗ 2025ರ ಏಪ್ರಿಲ್‌ನಿಂದ ಆರ್‌ಟಿಜಿಎಸ್, ನೆಫ್ಟ್ ಮಾಡುವಾಗ ಖಾತೆದಾರರ ಹೆಸರು ನೋಡುವ ಸೌಲಭ್ಯ ಬಂದಿದೆ. ಖಂಡಿತ ನೋಡು. ಆದರೆ ಅದನ್ನೇ ನೆಚ್ಚಿಕೊಳ್ಳಬೇಡ. ‘ಇದು ನನ್ನ ಅಳಿಯನ ಖಾತೆ’ ಅಂತ ಮೇಲ್‌ನಲ್ಲಿ ಬರೆದರೆ ಬೇರೆ ಹೆಸರೂ ಸರಿ ಅನ್ನಿಸಿಬಿಡುತ್ತದೆ.

ನಿನ್ನ ಕರಾರು ಪತ್ರದಲ್ಲಿ ಅವರ ಖಾತೆ ನಂಬರ್, ಐಎಫ್‌ಎಸ್‌ಸಿ ಇದೆಯಾ ನೋಡು. ಇದ್ದರೆ ಅದಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಹಾಕಬೇಡ. ಬದಲಾಯಿತು ಅಂತ ಯಾರೇ ಹೇಳಲಿ, ಎದುರು ಕೂತು ಸಹಿ ಮಾಡಿಕೊಡುವವರೆಗೂ ಒಪ್ಪಬೇಡ. ಕರಾರಿನಲ್ಲಿ ಖಾತೆ ನಂಬರ್ ಇಲ್ಲದಿದ್ದರೆ ಇವತ್ತೇ ಅವರಿಗೆ ಫೋನ್ ಮಾಡಿ ಕೇಳು. ಮೇಲ್‌ನಲ್ಲಿ ಬಂದ ನಂಬರಿಗೆ ಅಲ್ಲ, ಮೊದಲ ಸಲ ಮನೆ ನೋಡಲು ಹೋದಾಗ ಅವರು ಕೊಟ್ಟ ನಂಬರಿಗೆ. ಅವರ ಬಾಯಲ್ಲೇ ಒಂದೊಂದು ಅಂಕಿ ಓದಿಸು. ಆಮೇಲೆ 117 ರೂಪಾಯಿ ಹಾಕಿ, ಎಷ್ಟು ಬಂತು ಅಂತ ಫೋನಿನಲ್ಲೇ ಕೇಳು. ಎಷ್ಟು ಅಂತ ನೀನು ಮೊದಲೇ ಹೇಳಬೇಡ.

ಅವರ ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ Filters and Blocked Addresses, Forwarding and POP/IMAP ಎರಡನ್ನೂ ತೆರೆದು ನೋಡಲು ಹೇಳು. ತಾವು ಹಾಕದ್ದು ಏನಾದರೂ ಇದ್ದರೆ ಅಳಿಸಬೇಕು. ನಮ್ಮ ಯಜಮಾನರು ಪಾಸ್‌ವರ್ಡ್ ಬದಲಾಯಿಸಿದ ಮೇಲೂ ಆ ಫಿಲ್ಟರ್ ಹಾಗೇ ಇತ್ತು. ಅವರ ಮೊಮ್ಮಗಳು ಕಂಡುಹಿಡಿದಳು.

ಸಾಧ್ಯವಾದರೆ ನಿನ್ನ ಪಾಲಿನ ಹಣವನ್ನೂ ಡಿಡಿ ಮಾಡಿಸಿ, ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲೇ ಅವರ ಕೈಗೆ ಕೊಡು. ಶುಕ್ರವಾರ ನಾನೂ ರಜೆ ಹಾಕಿ ಬರುತ್ತೇನೆ. ಅವರ ಜೊತೆ ಮಾತಾಡಿದ ತಕ್ಷಣ ನನಗೊಂದು ಫೋನ್ ಮಾಡು, ಎಷ್ಟು ಹೊತ್ತಾದರೂ ಎದ್ದಿರುತ್ತೇನೆ.

ನಿನ್ನ,
ರವಿ